ಎಂಎಂಸಿ ಬೋನಸ್ ಸೇರಿಸಿ ಹೋಲ್ ಎಷ್ಟು ಸರಿಯಬಹುದು ಎಂದು ಲೆಕ್ಕ ಹಾಕುವ ಬಗೆ

ಕವರ್ ಪ್ಲೇಟ್ ಒಂದರ ಇನ್‌ಸ್ಪೆಕ್ಷನ್ ರಿಪೋರ್ಟ್‌ನಲ್ಲಿ ಒಂದು ಹೋಲ್‌ನ ಪೊಸಿಷನ್ 0.528 ಎಂದು ಬಂದಿದೆ. ಡ್ರಾಯಿಂಗ್‌ನಲ್ಲಿ ಕೊಟ್ಟಿರುವುದು 0.4. ಸಾಲು ಕೆಂಪಾಗಿದೆ, ಪ್ಲೇಟ್ ರಿಜೆಕ್ಟ್ ತಟ್ಟೆಗೆ ಹೋಗುವುದರಲ್ಲಿದೆ. ಆದರೆ ಅದೇ ಡ್ರಾಯಿಂಗ್‌ನಲ್ಲಿ 0.4ರ ಪಕ್ಕ ವೃತ್ತದೊಳಗೆ ಒಂದು ಎಂ ಇದೆ. ಅದನ್ನು ಓದಿದರೆ ಈ ಹೋಲ್ ಒಳ್ಳೆಯದು. ಆ ಒಂದು ಅಕ್ಷರ ಎಷ್ಟು ಸಡಿಲಿಕೆ ಕೊಡುತ್ತದೆ, ಅದನ್ನು ಯಾವ ಅಳತೆಯಿಂದ ಲೆಕ್ಕ ಹಾಕಬೇಕು, ಎಲ್ಲಿ ಕೊಡಬಾರದು ಎಂಬುದನ್ನು ಇದೇ ಪ್ಲೇಟನ್ನು ಮುಂದಿಟ್ಟುಕೊಂಡು ನೋಡೋಣ.

ನಮ್ಮ ಪ್ಲೇಟ್

12 ಮಿ.ಮೀ. ದಪ್ಪದ ಪ್ಲೇಟ್, ನಾಲ್ಕು ಮೂಲೆಯಲ್ಲಿ ನಾಲ್ಕು ಹೋಲ್. ಎಂ8 ಬೋಲ್ಟ್ ಈ ಹೋಲ್ ಮೂಲಕ ಹಾದು ಕೆಳಗಿನ ಹೌಸಿಂಗ್‌ನ ಟ್ಯಾಪ್ ಮಾಡಿದ ಹೋಲ್‌ಗೆ ಕಚ್ಚಿಕೊಳ್ಳುತ್ತದೆ. ಹೌಸಿಂಗ್ ಮೇಲೆ ಕೂರುವ ಮುಖ ಡೇಟಮ್ ಎ, ಉದ್ದದ ಅಂಚು ಡೇಟಮ್ ಬಿ, ಗಿಡ್ಡ ಅಂಚು ಡೇಟಮ್ ಸಿ. ಹೋಲ್‌ಗಳ ಬೇಸಿಕ್ ಡೈಮೆನ್ಷನ್‌ಗಳು ಸಿ ಅಂಚಿನಿಂದ 20 ಮತ್ತು 140, ಬಿ ಅಂಚಿನಿಂದ 20 ಮತ್ತು 80. ಹೋಲ್‌ಗೆ ಬರೆದಿರುವುದು ಹೀಗೆ, ಎರಡನೇ ಸಾಲಿನ ಪೆಟ್ಟಿಗೆಯೇ ಫ್ರೇಮ್:

```
4X ⌀9.0 – 9.3
| ⌖ | ⌀0.4 Ⓜ | A | B | C |
```

ಈ ಸಂಖ್ಯೆಗಳು ಎಲ್ಲಿಂದ ಬಂದವು ಎಂದು ತಿಳಿದರೆ ಬೋನಸ್ ಯಾಕೆ ನ್ಯಾಯ ಎಂಬುದೂ ತಿಳಿಯುತ್ತದೆ. ಹೌಸಿಂಗ್‌ನ ಟ್ಯಾಪ್ ಹೋಲ್‌ಗೆ 0.6 ಪೊಸಿಷನ್ ಟಾಲರೆನ್ಸ್ ಕೊಟ್ಟಿದ್ದಾರೆ, ಅದೂ ಪ್ಲೇಟ್‌ನ ದಪ್ಪದಷ್ಟು ಮೇಲಕ್ಕೆ ಪ್ರೊಜೆಕ್ಟ್ ಮಾಡಿ. ಹಾಗಾಗಿ 8 ಮಿ.ಮೀ. ಬೋಲ್ಟ್ ಎತ್ತ ಸರಿದರೂ, ಎತ್ತ ವಾಲಿದರೂ 8.0 + 0.6, ಅಂದರೆ 8.6 ಮಿ.ಮೀ. ವ್ಯಾಸದ ಸಿಲಿಂಡರ್ ಒಳಗೇ ಇರುತ್ತದೆ. ಪ್ಲೇಟ್ ಮಾಡಬೇಕಾದ ಕೆಲಸ ಇಷ್ಟೇ: ಸರಿಯಾದ ಜಾಗದಲ್ಲಿ 8.6 ವ್ಯಾಸದ ಸಿಲಿಂಡರನ್ನು ಖಾಲಿ ಬಿಡುವುದು. ಹೋಲ್‌ನ ಗೋಡೆ ಆ ಸಿಲಿಂಡರ್ ಒಳಗೆ ಚಾಚಿಕೊಳ್ಳದಿದ್ದರೆ ಬೋಲ್ಟ್ ಇಳಿಯುತ್ತದೆ.

ಹೋಲ್ 9.0 ಇದ್ದಾಗ ಪ್ಲೇಟ್‌ನಲ್ಲಿ ಲೋಹ ಹೆಚ್ಚು ಉಳಿದಿರುತ್ತದೆ. ಅದೇ ಎಂಎಂಸಿ, ಅಂದರೆ ಮ್ಯಾಕ್ಸಿಮಮ್ ಮಟೀರಿಯಲ್ ಕಂಡಿಷನ್. ಹೋಲ್‌ಗೆ ಎಂಎಂಸಿ ಅಂದರೆ ಚಿಕ್ಕ ಸೈಜ್, ಶಾಫ್ಟ್‌ಗೆ ದೊಡ್ಡ ಸೈಜ್. ಹೊಸಬರು ಮೊದಲು ಎಡವುವುದು ಇಲ್ಲೇ. 9.0 ಹೋಲ್‌ನಲ್ಲಿ 8.6 ಸಿಲಿಂಡರ್ ಖಾಲಿ ಉಳಿಯಬೇಕಾದರೆ ಹೋಲ್‌ನ ಅಕ್ಷ 0.4 ವ್ಯಾಸದ ವಲಯದೊಳಗೆ ಇರಬೇಕು. ಅದೇ ಹೋಲ್ 9.2 ಆಗಿ ಬಂದರೆ? ಅಕ್ಷ 0.6 ವ್ಯಾಸದ ವಲಯದಲ್ಲಿ ಅಡ್ಡಾಡಿದರೂ 8.6 ಖಾಲಿ ಉಳಿಯುತ್ತದೆ. ಹೆಚ್ಚಾದ ಆ 0.2 ಬೋನಸ್. ಯಾರೋ ದಯೆಯಿಂದ ಕೊಟ್ಟ ರಿಯಾಯಿತಿ ಅಲ್ಲ ಅದು, ಹೋಲ್ ದೊಡ್ಡದಾದಾಗ ನಿಜವಾಗಿ ಹುಟ್ಟಿದ ಜಾಗ.

ಹಂತ 1: ಫ್ರೇಮ್ ಓದಿ ಮೂರು ಸಂಖ್ಯೆ ಬರೆದುಕೊಳ್ಳಿ

ಅಳೆಯಲು ಹೋಗುವ ಮೊದಲೇ ಹಾಳೆಯ ಮೇಲೆ ಇವನ್ನು ಬರೆದಿಡಿ:

```
MMC = 9.0
LMC = 9.3
VC  = MMC − T = 9.0 − 0.4 = 8.6
```

ಎಲ್ಎಂಸಿ ಅಂದರೆ ಲೋಹ ಅತಿ ಕಡಿಮೆ ಉಳಿಯುವ ಸೈಜ್, ಹೋಲ್‌ಗೆ ದೊಡ್ಡ ಸೈಜ್. T ಫ್ರೇಮ್‌ನಲ್ಲಿರುವ ಟಾಲರೆನ್ಸ್. ಕೊನೆಯದು ವರ್ಚುವಲ್ ಕಂಡಿಷನ್, ನಾವು ಮೇಲೆ ಕಂಡ ಖಾಲಿ ಸಿಲಿಂಡರ್. ಫ್ರೇಮ್‌ನಲ್ಲಿ ಟಾಲರೆನ್ಸ್ ಸಂಖ್ಯೆಯ ಪಕ್ಕದಲ್ಲೇ Ⓜ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಡೇಟಮ್ ಅಕ್ಷರದ ಪಕ್ಕ ಇರುವ Ⓜ ಬೇರೆ ವಿಷಯ, ಅದಕ್ಕೆ ಕೊನೆಯಲ್ಲಿ ಬರುತ್ತೇವೆ. ಟಾಲರೆನ್ಸ್ ಪಕ್ಕ ಏನೂ ಇಲ್ಲದಿದ್ದರೆ ಬೋನಸ್ ಇಲ್ಲ. ಹೋಲ್ ಎಷ್ಟೇ ದೊಡ್ಡದಾಗಿರಲಿ, 0.4 ಅಂದರೆ 0.4. ಅಮೆರಿಕದ ವೈ14.5 ಸ್ಟ್ಯಾಂಡರ್ಡ್‌ನಲ್ಲಿ 1994ರಿಂದಲೂ ಇದೇ ನಿಯಮ, ಐಎಸ್ಒ ಡ್ರಾಯಿಂಗ್‌ನಲ್ಲೂ ಹೀಗೆಯೇ. ಐಎಸ್ಒ 2692 ಬೋನಸ್ ಲೆಕ್ಕದ ದಾರಿ ಹಿಡಿಯುವುದಿಲ್ಲ, ಹೋಲ್‌ನ ಗೋಡೆ ವರ್ಚುವಲ್ ಕಂಡಿಷನ್ ಗಡಿಯನ್ನು ದಾಟಬಾರದು ಎಂದೇ ಹೇಳುತ್ತದೆ. ನಮ್ಮ ಪ್ಲೇಟ್‌ನಂಥ ಸಾಮಾನ್ಯ ಹೋಲ್‌ನಲ್ಲಿ ಎರಡರ ಉತ್ತರವೂ ಒಂದೇ.

ಹಂತ 2: ಮೊದಲು ಸೈಜ್

ಪೊಸಿಷನ್ ಮುಟ್ಟುವ ಮೊದಲು ಹೋಲ್ 9.0 ಮತ್ತು 9.3ರ ನಡುವೆ ಇದೆಯೇ ನೋಡಬೇಕು. 9.0 ಗೋ ಪಿನ್ ಇಳಿಯಬೇಕು, 9.3 ನೋ-ಗೋ ಇಳಿಯಬಾರದು. ನಮ್ಮ ನಾಲ್ಕನೇ ಹೋಲ್ 9.34 ಬಂದಿದೆ. ಅದರ ಸ್ಥಾನ ಕೂದಲೆಳೆಯಷ್ಟೂ ತಪ್ಪಿಲ್ಲ, ಆದರೂ ಅದು ರಿಜೆಕ್ಟ್. ಬೋನಸ್ 0.34 ಎಂದು ಬರೆಯಲು ಬರುವುದಿಲ್ಲ, ಏಕೆಂದರೆ ಬೋನಸ್‌ನ ಮಿತಿ ಎಲ್ಎಂಸಿಗೇ ಮುಗಿಯುತ್ತದೆ. ಇಲ್ಲಿ ಗರಿಷ್ಠ ಬೋನಸ್ 0.3, ಗರಿಷ್ಠ ಒಟ್ಟು ಟಾಲರೆನ್ಸ್ 0.7. ಹಾಗೆಯೇ 8.98 ಹೋಲ್‌ಗೆ ಮೈನಸ್ ಬೋನಸ್ ಹಾಕುವುದೂ ಇಲ್ಲ. ಅದು ಸೈಜ್‌ನಲ್ಲೇ ಬಿತ್ತು. ಅಂಥದ್ದನ್ನು ರೀಮ್ ಮಾಡಿ ಮತ್ತೆ ಅಳೆಯಬಹುದು, ದೊಡ್ಡದಾದ ಹೋಲ್‌ಗೆ ಆ ದಾರಿಯೂ ಇಲ್ಲ.

ಹಂತ 3: ಬೋನಸ್‌ಗೆ ಬೇಕಾದ ಸೈಜ್

ಇಡೀ ಲೆಕ್ಕದಲ್ಲಿ ತಪ್ಪು ಹೆಚ್ಚು ನುಸುಳುವುದು ಈ ಹಂತದಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಬೋನಸ್‌ಗೆ ಬೇಕಾಗಿರುವುದು ಹೋಲ್‌ನ ಯಾವುದೋ ಒಂದು ವ್ಯಾಸ ಅಲ್ಲ. ಹೋಲ್‌ನ ಪೂರ್ತಿ ಆಳಕ್ಕೆ ಇಳಿಯಬಲ್ಲ ಅತಿ ದೊಡ್ಡ ನೇರ ಸಿಲಿಂಡರ್‌ನ ವ್ಯಾಸ ಬೇಕು. ಇದನ್ನು ಮೇಟಿಂಗ್ ಎನ್ವಲಪ್ ಎನ್ನುತ್ತಾರೆ. ಬೋಲ್ಟ್‌ಗೆ ಸಿಗುವ ಜಾಗ ಇದೇ.

ಡ್ರಿಲ್ ಮಾಡಿದ ಹೋಲ್ ಪೂರ್ತಿ ಗುಂಡಗಿರುವುದಿಲ್ಲ. ಎರಡು ಕಟಿಂಗ್ ಎಡ್ಜ್‌ನ ಡ್ರಿಲ್ ಸ್ವಲ್ಪ ತೂಗಾಡಿದರೆ ಮೂರು ಮೂಲೆ ಸವೆದ ತ್ರಿಕೋನದಂಥ ಆಕಾರ ಬರುತ್ತದೆ. ಇಂಥ ಹೋಲ್‌ನಲ್ಲಿ ಎರಡು ಬಿಂದುವಿನ ಬೋರ್ ಗೇಜ್ ಹೇಗೆ ತಿರುಗಿಸಿದರೂ ಹೆಚ್ಚುಕಡಿಮೆ ಒಂದೇ ರೀಡಿಂಗ್ ಕೊಡುತ್ತದೆ, ಏಕೆಂದರೆ ಒಂದು ಕಡೆ ಉಬ್ಬಿದ್ದರೆ ಎದುರು ಕಡೆ ತಗ್ಗಿರುತ್ತದೆ. ಗೇಜ್ ತೋರಿಸುವ ವ್ಯಾಸದ ಪಿನ್ ಮಾತ್ರ ಒಳಗೆ ಹೋಗುವುದಿಲ್ಲ. ಬಿಂದುಗಳನ್ನು ಮುಟ್ಟಿ ಅಳೆಯುವ ಸಿಎಂಎಂ ಯಂತ್ರ ಕೂಡ ಸುಮ್ಮನೆ ಬಿಟ್ಟರೆ ಸಾಮಾನ್ಯವಾಗಿ ಸರಾಸರಿ ವೃತ್ತವನ್ನೇ ಹಾಕುತ್ತದೆ, ಅದೂ ಎನ್ವಲಪ್‌ಗಿಂತ ದೊಡ್ಡದು. ಎರಡೂ ಇಲ್ಲದ ಬೋನಸ್ ಕೊಡುತ್ತವೆ. ಸಿಎಂಎಂ ಪ್ರೋಗ್ರಾಮ್‌ನಲ್ಲಿ ಮ್ಯಾಕ್ಸಿಮಮ್ ಇನ್‌ಸ್ಕ್ರೈಬ್ಡ್ ಸಿಲಿಂಡರ್ ಆಯ್ಕೆ ಮಾಡಬೇಕು. ನಾಲ್ಕು ಬಿಂದು ಮುಟ್ಟಿ ಆ ಆಯ್ಕೆ ಹಾಕಿದರೆ ಪ್ರಯೋಜನವಿಲ್ಲ, ಆಳದ ಎರಡು ಮೂರು ಮಟ್ಟದಲ್ಲಿ ಸುತ್ತ ಸ್ಕ್ಯಾನ್ ಮಾಡಬೇಕು.

ಸಿಎಂಎಂ ಇಲ್ಲದಿದ್ದರೆ ಪಿನ್ ಗೇಜ್ ಸೆಟ್ ಸಾಕು, ನಿಜಕ್ಕೂ ಹೆಚ್ಚು ನಂಬಿಕೆಯದ್ದು ಅದೇ. ಬರ್ ತೆಗೆದು, ಹೋಲ್ ಒರೆಸಿ, 0.01 ಹೆಜ್ಜೆಯ ಪಿನ್‌ಗಳನ್ನು ಒಂದೊಂದಾಗಿ ಹಾಕಿ. ಒತ್ತಬೇಡಿ, ಪಿನ್ ಸಲೀಸಾಗಿ ಆಚೆ ಬದಿಗೆ ಹಾಯಬೇಕು. ಮೊದಲ ಹೋಲ್‌ನಲ್ಲಿ 9.18 ಹೋಯಿತು, 9.19 ಬಾಯಲ್ಲೇ ನಿಂತಿತು. ಎನ್ವಲಪ್ 9.18.

```
ಬೋನಸ್ = 9.18 − 9.0 = 0.18
ಒಟ್ಟು ಟಾಲರೆನ್ಸ್ = 0.4 + 0.18 = 0.58
```

ಹಂತ 4: ಹೋಲ್ ಎಲ್ಲಿದೆ ಎಂದು ಅಳೆಯುವುದು

9.18 ಪಿನ್ ಹೋಲ್‌ನಲ್ಲೇ ಇರಲಿ, 30 ಮಿ.ಮೀ.ನಷ್ಟು ಹೊರಗೆ ಚಾಚಿರಲಿ. ಡೇಟಮ್ ಎ ಮುಖವನ್ನು ಆಂಗಲ್ ಪ್ಲೇಟ್‌ಗೆ ಒರಗಿಸಿ, ಬಿ ಅಂಚನ್ನು ಸರ್ಫೇಸ್ ಪ್ಲೇಟ್ ಮೇಲೆ ಕೂರಿಸಿ, ಹಗುರವಾಗಿ ಕ್ಲ್ಯಾಂಪ್ ಮಾಡಿ. ಎ ಮೊದಲ ಡೇಟಮ್ ಆದ್ದರಿಂದ ಆ ಮುಖ ಆಂಗಲ್ ಪ್ಲೇಟ್‌ಗೆ ಪೂರ್ತಿ ಅಂಟಬೇಕು. ಅದಕ್ಕಾಗಿ ಬಿ ಅಂಚು ಕೆಳಗೆ ದಪ್ಪದ ಒಂದು ಬದಿಯಲ್ಲಿ ಸ್ವಲ್ಪ ಎದ್ದರೂ ಅಡ್ಡಿಯಿಲ್ಲ.

ಹೈಟ್ ಗೇಜ್‌ಗೆ ಕಟ್ಟಿದ ಡಯಲ್‌ನಿಂದ ಪಿನ್ನಿನ ನೆತ್ತಿಯನ್ನು ಪ್ಲೇಟ್ ಮುಖದ ಹತ್ತಿರ ಅಳೆಯಿರಿ: 24.43. ಇದರಿಂದ ಪಿನ್ನಿನ ಅರ್ಧ ವ್ಯಾಸ 4.59 ಕಳೆದರೆ 19.84. ಇರಬೇಕಾದದ್ದು 20, ಅಂದರೆ −0.16.

ಇನ್ನೊಂದು ದಿಕ್ಕಿಗೆ ಪ್ಲೇಟನ್ನು ತಿರುಗಿಸಿ ಸಿ ಅಂಚಿನ ಮೇಲೆ ನಿಲ್ಲಿಸಿದಾಗ ಒಂದು ಎಚ್ಚರ ಬೇಕು. ಸಿ ಅಂಚನ್ನು ಸರ್ಫೇಸ್ ಪ್ಲೇಟ್ ಮೇಲೆ ಪೂರ್ತಿ ಕೂರಿಸಿಬಿಟ್ಟರೆ ಪ್ಲೇಟ್‌ನ ದಿಕ್ಕನ್ನು ಸಿ ನಿರ್ಧರಿಸಿದಂತಾಗುತ್ತದೆ. ಫ್ರೇಮ್‌ನಲ್ಲಿ ಬಿ ಮುಂದಿದೆ, ದಿಕ್ಕು ಬಿಯದ್ದೇ ಆಗಬೇಕು. ಆದ್ದರಿಂದ ಬಿ ಅಂಚಿನ ಮೇಲೆ ಡಯಲ್ ಓಡಿಸಿ ಅದನ್ನು ಲಂಬಕ್ಕೆ ತಂದು, ಸಿ ಅಂಚಿನ ಅತಿ ಕೆಳಗಿನ ಬಿಂದು ಮಾತ್ರ ಸರ್ಫೇಸ್ ಪ್ಲೇಟನ್ನು ಮುಟ್ಟುವಂತೆ ಕ್ಲ್ಯಾಂಪ್ ಮಾಡಿ. ಎರಡು ಅಂಚಿನ ನಡುವಿನ ಮೂಲೆ 100 ಮಿ.ಮೀ.ಗೆ 0.1 ತಪ್ಪಿದ್ದರೆ, ಇದನ್ನು ಮರೆತಾಗ ಬಿ ಅಂಚಿನಿಂದ 80 ದೂರದ ಹೋಲ್‌ನ ರೀಡಿಂಗ್ 0.08ರಷ್ಟು ತಪ್ಪಾಗಬಹುದು. ಇದು ಪ್ಲೇಟ್ ತಪ್ಪಲ್ಲ, ಅಳತೆಯ ತಪ್ಪು. ಈಗ ಪಿನ್ ನೆತ್ತಿ 24.80 ಬಂತು, 4.59 ಕಳೆದರೆ 20.21. ಅಂದರೆ +0.21.

ಹೋಲ್ ವಾಲಿರಬಹುದು, ಆದ್ದರಿಂದ ಆಚೆ ಬದಿಯೂ ಬೇಕು. ಆಚೆ ಬದಿ ಆಂಗಲ್ ಪ್ಲೇಟ್‌ಗೆ ಅಂಟಿರುವುದರಿಂದ ನೇರವಾಗಿ ಅಳೆಯಲಾಗದು. ಹೊರಗೆ ಚಾಚಿದ ಪಿನ್ ಮೇಲೆ ಮುಖದಿಂದ 24 ಮಿ.ಮೀ. ದೂರದಲ್ಲಿ ಇನ್ನೊಂದು ರೀಡಿಂಗ್ ತೆಗೆದುಕೊಳ್ಳಿ. ಒಂದು ದಿಕ್ಕಿನಲ್ಲಿ 24.41, ಇನ್ನೊಂದರಲ್ಲಿ 24.86 ಬಂತು. 24 ಮಿ.ಮೀ.ಗೆ 0.02 ಮತ್ತು 0.06 ವಾಲಿಕೆ, 12 ಮಿ.ಮೀ. ದಪ್ಪಕ್ಕೆ 0.01 ಮತ್ತು 0.03. ಹೊರಗೆ ಬರುತ್ತ ತಪ್ಪು ಹೆಚ್ಚುತ್ತಿದೆ, ಹಾಗಾಗಿ ಒಳಬದಿಯಲ್ಲಿ ಅದು ಕಡಿಮೆ: −0.15 ಮತ್ತು +0.18.

ಹಂತ 5: ಎರಡರಿಂದ ಗುಣಿಸಿ, ಹೋಲಿಸಿ

```
ಪೊಸಿಷನ್ = 2 × √(dx² + dy²)
ಹೊರಬದಿ: 2 × √(0.21² + 0.16²) = 2 × 0.264 = 0.528
ಒಳಬದಿ:  2 × √(0.18² + 0.15²) = 2 × 0.234 = 0.469
```

ಎರಡರಲ್ಲಿ ಕೆಟ್ಟದ್ದನ್ನು ಹಿಡಿಯಬೇಕು: 0.528. ಸಿಕ್ಕಿರುವ ಟಾಲರೆನ್ಸ್ 0.58. ಹೋಲ್ ಪಾಸ್, 0.052 ಇನ್ನೂ ಕೈಯಲ್ಲಿದೆ.

ಆ 2 ಯಾಕೆ? ಫ್ರೇಮ್‌ನಲ್ಲಿರುವ 0.4 ವಲಯದ ವ್ಯಾಸ. ಹೋಲ್ ಸರಿದ ದೂರ 0.264 ಅದರ ತ್ರಿಜ್ಯ. ಎರಡರಿಂದ ಗುಣಿಸುವುದನ್ನು ಮರೆತು 0.264 ಅನ್ನು 0.4ರ ಜೊತೆ ಹೋಲಿಸಿದರೆ ಬೋನಸ್ ಬೇಕಾಗಲೇ ಇಲ್ಲ ಎಂದು ಕಾಣುತ್ತದೆ, ಮಿತಿಯ ಎರಡು ಪಟ್ಟು ತಪ್ಪಿದ ಹೋಲ್‌ಗಳೂ ಪಾಸಾಗುತ್ತವೆ. ರಿಪೋರ್ಟ್‌ನಲ್ಲಿ ಪೊಸಿಷನ್ ಸಂಖ್ಯೆಗಳು ಯಾವಾಗಲೂ ಟಾಲರೆನ್ಸ್‌ನ ಅರ್ಧದ ಆಸುಪಾಸಿನಲ್ಲೇ ಇದ್ದು, ಅಸೆಂಬ್ಲಿಯಲ್ಲಿ ಮಾತ್ರ ಬೋಲ್ಟ್ ಇಳಿಯುತ್ತಿಲ್ಲ ಎಂದರೆ ಮೊದಲು ಈ 2 ಇದೆಯೇ ನೋಡಿ. ಇದರ ಜೊತೆಗೇ ಬರುವ ಇನ್ನೊಂದು ತಪ್ಪು, ಬೋನಸನ್ನು ಅರ್ಧ ಮಾಡುವುದು. ಬೋನಸ್ ಕೂಡ ವ್ಯಾಸವೇ, 0.18 ಪೂರ್ತಿ ಸೇರಿಸಬೇಕು.

ಉತ್ತರ ಸರಿಯೇ ಎಂದು ಬೇರೆ ದಾರಿಯಿಂದ ನೋಡಬಹುದು. 9.18 ಹೋಲ್‌ನೊಳಗೆ 8.6 ಸಿಲಿಂಡರ್ ಇಟ್ಟರೆ ಸುತ್ತ (9.18 − 8.6) ÷ 2 = 0.29 ಸಂದು ಇರುತ್ತದೆ. ಹೋಲ್ ಸರಿದಿರುವುದು 0.264. ಸಂದು ಇನ್ನೂ 0.026 ಉಳಿಯಿತು, ಮೇಲಿನ 0.052ರ ಸರಿಯಾಗಿ ಅರ್ಧ. ಎರಡು ದಾರಿಯೂ ಒಂದೇ ಊರಿಗೆ ಬಂದರೆ ಲೆಕ್ಕ ಸರಿ.

ಇಲ್ಲೇ ಹಂತ 3ರ ಎಚ್ಚರ ಎಷ್ಟು ಮುಖ್ಯ ಎಂದೂ ನೋಡಿಬಿಡೋಣ. ಸಿಎಂಎಂ ಸರಾಸರಿ 9.18 ತೋರಿಸಿ, ಪಿನ್ 9.12 ಮಾತ್ರ ಹೋಗಿದ್ದರೆ ನಿಜವಾದ ಬೋನಸ್ 0.12, ಒಟ್ಟು 0.52. ಹೋಲ್‌ನ 0.528 ಅದನ್ನು ಮೀರುತ್ತದೆ. ಕಾಗದದಲ್ಲಿ ಪಾಸ್, ಗೇಜ್‌ನಲ್ಲಿ ಫೇಲ್.

ಉಳಿದ ಹೋಲ್‌ಗಳು, ಮತ್ತು ಉಳಿಸಿಕೊಳ್ಳಬಹುದಾದ ಒಂದು

ಮೂರನೇ ಹೋಲ್ 9.26, ಇರುವ ಜಾಗ 139.95 ಮತ್ತು 80.08. ಪೊಸಿಷನ್ 0.189. ಇದಕ್ಕೆ ಬೋನಸ್ ಬೇಕಾಗಿಯೇ ಇಲ್ಲ.

ಎರಡನೇ ಹೋಲ್ 9.05, ಇರುವ ಜಾಗ 140.15 ಮತ್ತು 20.19. ಪೊಸಿಷನ್ 2 × √(0.15² + 0.19²) = 0.484. ಬೋನಸ್ 0.05 ಮಾತ್ರ, ಒಟ್ಟು 0.45. ಇದು ಫೇಲ್, 0.034ರಷ್ಟು ಹೆಚ್ಚಾಗಿದೆ. ಆದರೆ ಎಸೆಯುವ ಮೊದಲು ಲೆಕ್ಕವನ್ನು ತಿರುಗಿಸಿ ಹಾಕಿ: ಈ ಪೊಸಿಷನ್‌ಗೆ ಎಷ್ಟು ದೊಡ್ಡ ಹೋಲ್ ಇದ್ದರೆ ಸಾಕು?

```
ಬೇಕಾದ ಸೈಜ್ = VC + ಪೊಸಿಷನ್ = 8.6 + 0.484 = 9.084
```

9.084 ಸೈಜ್ ಮಿತಿಯೊಳಗೇ ಇದೆ. ಹೋಲನ್ನು 9.2ಕ್ಕೆ ರೀಮ್ ಮಾಡಿದರೆ ಒಟ್ಟು ಟಾಲರೆನ್ಸ್ 0.6 ಆಗುತ್ತದೆ, 0.484 ಆರಾಮವಾಗಿ ಒಳಗೆ ಬರುತ್ತದೆ. ರೀಮರ್ ಇದ್ದ ಹೋಲ್‌ನ ಜಾಡನ್ನೇ ಹಿಡಿಯುವುದರಿಂದ ಸ್ಥಾನ ಹೆಚ್ಚು ಬದಲಾಗದು. ಡ್ರಿಲ್‌ನಿಂದ ದೊಡ್ಡದು ಮಾಡಲು ಹೋದರೆ ಅದು ಒಂದು ಬದಿಗೆ ಎಳೆದುಕೊಂಡು ಹೋಗಬಹುದು. ರೀಮ್ ಮಾಡಿದ ಮೇಲೆ ಸೈಜ್, ಸ್ಥಾನ ಎರಡನ್ನೂ ಮತ್ತೆ ಅಳೆಯಲೇಬೇಕು. ಹೋಲ್‌ನ ಪೊಸಿಷನ್ 0.7 ದಾಟಿದ್ದರೆ ಮಾತ್ರ ಈ ದಾರಿ ಮುಚ್ಚಿದಂತೆ. ರೀಮರ್ ಹಿಡಿಯುವ ಮುನ್ನ ಪ್ಲೇಟ್‌ನ ಎಲ್ಲ ಹೋಲ್ ನೋಡಿ: ನಮ್ಮ ಪ್ಲೇಟ್‌ನ ನಾಲ್ಕನೇ ಹೋಲ್ ಸೈಜ್‌ನಲ್ಲೇ ಬಿದ್ದಿರುವುದರಿಂದ, ಎರಡನೆಯದನ್ನು ಉಳಿಸಿ ಇಡೀ ಪ್ಲೇಟ್ ಉಳಿಯುವುದಿಲ್ಲ.

ಗೇಜ್‌ನಿಂದ ನೋಡುವುದು

ಪ್ಲೇಟ್‌ಗಳು ಸಾವಿರ ಲೆಕ್ಕದಲ್ಲಿದ್ದರೆ ಲೆಕ್ಕವನ್ನೇ ಗೇಜ್ ಮಾಡಿಬಿಡುತ್ತದೆ. ಎ, ಬಿ, ಸಿಗೆ ಆನಿಸುವ ಮುಖಗಳು, ಬೇಸಿಕ್ ಜಾಗದಲ್ಲಿ ನಾಲ್ಕು ಗಟ್ಟಿ ಪಿನ್. ಪಿನ್ನಿನ ವ್ಯಾಸ ಬೋಲ್ಟ್‌ನ 8 ಅಲ್ಲ, ಎಂಎಂಸಿಯ 9.0 ಅಲ್ಲ, 8.6. ಪ್ಲೇಟ್ ಡೇಟಮ್‌ಗಳಿಗೆ ಒರಗಿಕೊಂಡೇ ನಾಲ್ಕೂ ಪಿನ್ ಮೇಲೆ ಇಳಿದರೆ ಪೊಸಿಷನ್ ಸರಿ. ಪಿನ್ ತಯಾರಿಸುವಾಗ ಟಾಲರೆನ್ಸನ್ನು 8.6ರಿಂದ ಮೇಲಕ್ಕೆ ಕೊಡುವುದು ಒಳ್ಳೆಯದು, ಉದಾಹರಣೆಗೆ 8.60–8.61, ಆಗ ಗೇಜ್ ಕೆಟ್ಟ ಪ್ಲೇಟನ್ನು ಎಂದೂ ಬಿಡುವುದಿಲ್ಲ, ಗಡಿಯಲ್ಲಿರುವ ಒಂದೆರಡು ಒಳ್ಳೆಯದನ್ನು ತಡೆಯಬಹುದು ಅಷ್ಟೆ. ಈ ಗೇಜ್ ಸೈಜ್ ನೋಡುವುದಿಲ್ಲ, 9.34 ಹೋಲ್ ಅದರ ಮೇಲೆ ಸಲೀಸಾಗಿ ಇಳಿಯುತ್ತದೆ. ಗೋ, ನೋ-ಗೋ ಮೊದಲು, ಇದು ಆಮೇಲೆ. ವಿಪರೀತ ವಾಲಿದ ಅಥವಾ ಆಕಾರಗೆಟ್ಟ ಹೋಲ್‌ನಲ್ಲಿ ಅಕ್ಷದ ಲೆಕ್ಕವೂ ಗೇಜೂ ಒಪ್ಪದೇ ಹೋಗಬಹುದು. ಆಗ ವೈ14.5 ಪ್ರಕಾರ ಗೋಡೆಯ ಮಾತೇ ಕೊನೆ, ಅಂದರೆ 8.6 ಗಡಿಯ ಮಾತು.

ಬೋನಸ್ ಕೊಡಬಾರದ ಜಾಗಗಳು

ಡೋವೆಲ್ ಹೋಲ್, ಬೇರಿಂಗ್ ಬೋರ್‌ಗಳ ಪೊಸಿಷನ್‌ಗೆ Ⓜ ಹಾಕಬಾರದು. ಅಲ್ಲಿ ಹೋಲ್‌ನ ಕೆಲಸ ಬೋಲ್ಟ್ ಹಾಯಲು ಜಾಗ ಬಿಡುವುದಲ್ಲ, ಇನ್ನೊಂದು ಭಾಗವನ್ನು ಒಂದು ಜಾಗದಲ್ಲಿ ಹಿಡಿಯುವುದು. ಹೋಲ್ ದೊಡ್ಡದಾಯಿತು ಎಂದು ಗೇರ್‌ಗಳ ನಡುವಿನ ಸೆಂಟರ್ ದೂರ ತಪ್ಪಬಹುದು ಎನ್ನಲಾಗದು. ಟ್ಯಾಪ್ ಹೋಲ್‌ಗೆ Ⓜ ಹಾಕಿದರೂ ಬೋನಸ್ ಸಿಕ್ಕಂತಾಗದು: ಬಿಗಿದಾಗ ಬೋಲ್ಟ್ ದಾರದ ಮೇಲೆ ತಾನೇ ಮಧ್ಯಕ್ಕೆ ಕೂರುತ್ತದೆ, ಸಂದು ಉಳಿಯುವುದಿಲ್ಲ.

ಡೇಟಮ್ ಅಕ್ಷರದ ಪಕ್ಕದ Ⓜ ಈಗ. ಬಿ ಅಂಚಿನ ಬದಲು ಒಂದು ಹೋಲ್ ಆಗಿದ್ದು, ಫ್ರೇಮ್‌ನಲ್ಲಿ ಅದರ ಮುಂದೆ Ⓜ ಇದ್ದರೆ, ಆ ಹೋಲ್ ದೊಡ್ಡದಾದಷ್ಟೂ ಪ್ಲೇಟ್ ಗೇಜ್ ಮೇಲೆ ಅಲ್ಲಾಡಬಹುದು. ಇದು ಡೇಟಮ್ ಶಿಫ್ಟ್. ಇದನ್ನು 0.4ಕ್ಕೆ, 0.18ಕ್ಕೆ ಕೂಡಿಸಿಬಿಡುವುದು ದೊಡ್ಡ ತಪ್ಪು, ಏಕೆಂದರೆ ಪ್ಲೇಟ್ ಸರಿದರೆ ನಾಲ್ಕೂ ಹೋಲ್ ಒಟ್ಟಿಗೇ ಒಂದೇ ಕಡೆಗೆ ಸರಿಯುತ್ತವೆ. ಒಂದು ಹೋಲ್ ಎಡಕ್ಕೆ 0.4, ಇನ್ನೊಂದು ಬಲಕ್ಕೆ 0.4 ತಪ್ಪಿದ್ದರೆ ಎಷ್ಟು ಶಿಫ್ಟ್ ಇದ್ದರೂ ಎರಡನ್ನೂ ಉಳಿಸಲಾಗದು. ಇದಕ್ಕೆ ಗೇಜ್ ಬೇಕು, ಇಲ್ಲವೇ ಇಡೀ ಪ್ಯಾಟರ್ನನ್ನು ಒಟ್ಟಿಗೆ ಕೂರಿಸಿ ನೋಡುವ ಸಿಎಂಎಂ ಬೆಸ್ಟ್ ಫಿಟ್ ಬೇಕು.

ಡ್ರಾಯಿಂಗ್ ಬರೆಯುವವರಿಗೆ

ಈ ಪ್ಲೇಟ್‌ನಲ್ಲಿ 8.8 ಹೋಲ್, ಸ್ಥಾನ 0.1ರೊಳಗೆ ಬಂತು ಎನ್ನಿ. 8.6 ಸಿಲಿಂಡರ್ ಖಾಲಿ ಇದೆ, ಬೋಲ್ಟ್ ಖಂಡಿತ ಇಳಿಯುತ್ತದೆ. ಆದರೂ 9.0ಗಿಂತ ಚಿಕ್ಕದೆಂದು ರಿಜೆಕ್ಟ್. ಇದನ್ನು ತಪ್ಪಿಸಬೇಕಿದ್ದರೆ ಹೀಗೆ ಬರೆಯಬಹುದು:

```
4X ⌀8.6 – 9.3
| ⌖ | ⌀0 Ⓜ | A | B | C |
```

ವರ್ಚುವಲ್ ಕಂಡಿಷನ್ ಅದೇ 8.6, ಗೇಜ್ ಅದೇ. 9.18 ಹೋಲ್‌ಗೆ ಈಗಲೂ 0.58 ಸಿಗುತ್ತದೆ, ಎಲ್ಲವೂ ಬೋನಸ್‌ನಿಂದ. ಸೈಜ್ ಮತ್ತು ಸ್ಥಾನದ ನಡುವೆ ಎಷ್ಟು ಎಲ್ಲಿ ಖರ್ಚು ಮಾಡಬೇಕು ಎಂಬುದನ್ನು ಮೆಷಿನ್ ಬಳಿ ಇರುವವರು ನಿರ್ಧರಿಸುತ್ತಾರೆ. ಸೊನ್ನೆ ಕಂಡು ಕೊಟೇಷನ್ ಏರಿಸುವವರು ಇದ್ದಾರೆ. ಅವರಿಗೆ ಆರ್ಡರ್ ಕೊಡುವ ಮೊದಲೇ ಹೇಳಿ, 9.1 ಡ್ರಿಲ್ ಹಾಕಿದರೆ ಸುಮಾರು 0.5 ಪೊಸಿಷನ್ ಕೈಗೆ ಬರುತ್ತದೆ ಎಂದು.